ಗುಂಪು ಸಂದರ್ಶನದ ಸಾರಾಂಶ: ಯಾರ ಅಭಿಪ್ರಾಯ ಯಾರದ್ದು ಅನ್ನೋದು ತಪ್ಪದ ಹಾಗೆ ಬರೆಯೋದು ಹೇಗೆ?

ಕೆರೆಅಂಗಳ

ನಮಸ್ಕಾರ. ಕೆರೆ ಹೂಳೆತ್ತಿದ ಕಾಮಗಾರಿ ಬಗ್ಗೆ ಒಂದು ಗುಂಪು ಸಂದರ್ಶನದ ಟ್ರಾನ್ಸ್‌ಕ್ರಿಪ್ಟ್ ನನ್ನ ಹತ್ರ ಇದೆ. ಆಡಿಯೊ ಸುಮಾರು 70 ನಿಮಿಷ, ಟೈಪ್ ಮಾಡಿದ್ದು 22 ಪುಟ. ವರದಿಗೆ ಒಂದೇ ಪುಟದ ಸಾರಾಂಶ ಬೇಕು. ಮಾತಾಡಿದವರು ನಾಲ್ಕು ಜನ: ಮಾ1 ಕೆರೆ ಬಳಕೆದಾರರ ಸಂಘದ ಅಧ್ಯಕ್ಷರು, ಮಾ2 ಸ್ತ್ರೀಶಕ್ತಿ ಸಂಘದ ಸದಸ್ಯೆ, ಮಾ3 ಸಣ್ಣ ನೀರಾವರಿ ಇಲಾಖೆ ಎಂಜಿನಿಯರ್, ಮಾ4 ಅಚ್ಚುಕಟ್ಟಿನ ಒಬ್ಬ ರೈತ. ಸಂ ಅಂದರೆ ಸಂದರ್ಶಕಿ. ಮುಖ್ಯ ಭಾಗ ಇದು:

```
41 ಸಂ   ಹೂಳು ತೆಗೆದಿದ್ದರಿಂದ ಎಲ್ಲರಿಗೂ ಅನುಕೂಲ ಆಯ್ತು ಅಲ್ವಾ?
42 ಮಾ1  ಹೌದು. ಬೋರ್‌ವೆಲ್‌ನಲ್ಲಿ ನೀರು ಮೇಲೆ ಬಂದಿದೆ. ನಾವೇ ನಿಂತು ಮಾಡಿಸಿದ್ವಿ.
43 ಮಾ4  ಹೂಂ, ಮೇಲೆ ಬಂದಿದೆ. ಆದ್ರೆ ಮಣ್ಣು ಹೊಡ್ಕೊಂಡೋರು ಟ್ರ್ಯಾಕ್ಟರ್ ಇದ್ದೋರು.
44 ಮಾ1  ಅದು ಹಂಗಲ್ಲ. ಎಂಜಿನಿಯರ್ ಸಾಹೇಬ್ರ ಮುಂದೇನೇ ಮಾತಾಯ್ತು. ಲೋಡಿಗೆ ದುಡ್ಡು ಕೊಡಲ್ಲ ಅಂದ್ರು.
45 ಮಾ3  ನಮ್ಮ ಅಂದಾಜುಪಟ್ಟಿಯಲ್ಲಿ ಸಾಗಣೆ ಇರಲಿಲ್ಲ. ತೆಗೆದು ದಡಕ್ಕೆ ಹಾಕೋದು ಅಷ್ಟೇ.
46 ಮಾ2  ಹೆಂಗಸರೇ ಬ್ಯಾಡ ಅಂದ್ರು ಅಂತ ಹೇಳ್ತಾರೆ. ನಮ್ಮನ್ನ ಯಾರು ಕೇಳಿದ್ರು?
47 ಸಂ   ಅಂದ್ರೆ ಹೆಂಗಸರಿಗೆ ಅನ್ಯಾಯ ಆಗಿದೆ ಅಂತೀರಿ?
48 ಮಾ2  ಹೂಂ ಮತ್ತೆ. ಬಟ್ಟೆ ಒಗೆಯೋ ಮೆಟ್ಟಿಲೇ ಮುಚ್ಚಿಹೋಯ್ತು.
49 ಮಾ4  ತೂಬಿನ ಹತ್ರ ಜಾಸ್ತಿ ಆಳ ತೆಗೆದ್ರು, ಅದಕ್ಕೇ ಕೊನೇ ಭಾಗಕ್ಕೆ ನೀರು ಹತ್ತಲ್ಲ ಅಂತಾರೆ.
50 ಮಾ1  ಯಾರಂತಾರೆ?
51 ಮಾ4  ಎಲ್ಲಾರೂ ಅಂತಾರೆ. ನಾನು ನೋಡಿಲ್ಲ.
52 ಮಾ3  ತೂಬಿಗಿಂತ ಕೆಳಗೆ ನಿಂತ ನೀರು ಹೊಲಕ್ಕೆ ಹರಿಯಲ್ಲ, ಅದು ನಿಜ. ಇಲ್ಲಿ ಹಂಗಾಗಿದೆ ಅಂತ ನಾನು ಹೇಳಲ್ಲ.
```

ನಾನು ಬರೆದ ಕರಡು: «ಹೂಳೆತ್ತಿದ್ದರಿಂದ ಎಲ್ಲರಿಗೂ ಅನುಕೂಲವಾಗಿದೆ ಎಂದು ಭಾಗವಹಿಸಿದವರು ಅಭಿಪ್ರಾಯಪಟ್ಟರು. ಆದರೆ ಮಣ್ಣು ಟ್ರ್ಯಾಕ್ಟರ್ ಇದ್ದವರಿಗೆ ಮಾತ್ರ ಸಿಕ್ಕಿತು. ಸಾಗಣೆಗೆ ಹಣ ಕೊಡಲು ಎಂಜಿನಿಯರ್ ನಿರಾಕರಿಸಿದರು. ಮಹಿಳೆಯರಿಗೆ ಅನ್ಯಾಯವಾಗಿದೆ ಎಂದು ಸದಸ್ಯೆ ದೂರಿದರು. ತೂಬಿನ ಬಳಿ ಆಳ ತೆಗೆದದ್ದರಿಂದ ಕೊನೆ ಭಾಗಕ್ಕೆ ನೀರು ಹೋಗುತ್ತಿಲ್ಲ ಎಂದು ರೈತರು ಹೇಳಿದರು, ಎಂಜಿನಿಯರ್ ಒಪ್ಪಿಕೊಂಡರು.»

ಓದಿದವರು «ಇದು ಅವರು ಹೇಳಿದ್ದಲ್ಲ» ಅಂದರು. ಎಲ್ಲಿ ಎಡವಟ್ಟಾಗಿದೆ ಹೇಳ್ತೀರಾ?

ಟ್ಯಾಬ್‌ಕೀಲಿ

ಸುಲಭ ಇದೆ. ಸಾಲು ಸಂಖ್ಯೆ, ಮಾತಾಡಿದವರು, ಮಾತು ಅಂತ ಮೂರು ಕಾಲಂ ಮಾಡಿ, ನಡುವೆ ಟ್ಯಾಬ್ ಕೊಟ್ಟು ಫೈಲ್ ಉಳಿಸಿ. ಆಮೇಲೆ ಒಬ್ಬೊಬ್ಬರ ಮಾತನ್ನೇ ಬೇರೆ ತೆಗೆದು ಸಾರಾಂಶ ಮಾಡಿ:

```
awk -F'\t' '$2=="ಮಾ4"' kere.tsv
```

ಮಾ4 ಅವರ ಮಾತು ಬಿಟ್ಟು ಬೇರೇನೂ ಕಣ್ಣಿಗೆ ಬೀಳದೇ ಇದ್ದರೆ ಅದಲು ಬದಲಾಗೋಕೆ ಜಾಗವೇ ಇಲ್ಲ.

ಅಕ್ಷರಸಾಕ್ಷಿ

ಟ್ಯಾಬ್‌ಕೀಲಿ ಅವರೇ, ಮೂರು ಕಾಲಂ ಮಾಡೋದು ಸರಿ, ಅದನ್ನ ಎಲ್ಲರೂ ಮಾಡಬೇಕು. ಆದರೆ ಒಬ್ಬರ ಮಾತನ್ನ ಮಾತ್ರ ಕಿತ್ತು ತೆಗೆದರೆ ಇನ್ನೊಂದು ಬಗೆಯ ತಪ್ಪು ಬರುತ್ತೆ. ಮಾ2 ಅವರ ಸಾಲುಗಳನ್ನಷ್ಟೇ ಓದಿ ನೋಡಿ. «ಹೂಂ ಮತ್ತೆ» ಅಂತ ಸಿಗುತ್ತೆ. ಯಾವುದಕ್ಕೆ ಹೂಂ ಅಂದರು ಅನ್ನೋದು 47ನೇ ಸಾಲಲ್ಲಿದೆ, ಅದು ಸಂದರ್ಶಕಿಯ ಮಾತು. ಮಾ4 ಅವರ 51ನ್ನು 50 ಇಲ್ಲದೆ ಓದಿದರೆ ಅದು ತಾನಾಗಿ ಹೇಳಿದ್ದೋ ಕೆಣಕಿದ್ದಕ್ಕೆ ಹೇಳಿದ್ದೋ ಗೊತ್ತಾಗಲ್ಲ. ಹಾಗಾಗಿ ತೆಗೆಯುವಾಗ ಹಿಂದಿನ ಒಂದು ಸಾಲನ್ನೂ ಜೊತೆಗೆ ಇಟ್ಟುಕೊಳ್ಳಿ:

```
grep -B1 $'\tಮಾ2\t' kere.tsv
```

ಈಗ ಕರಡಿಗೆ ಬರೋಣ. ಕೆರೆಅಂಗಳ ಅವರೇ, ಒಂದೊಂದೇ ವಾಕ್ಯ ತಗೊಂಡು «ಇದು ಯಾವ ಸಾಲಿನಿಂದ ಬಂತು, ಆ ಸಾಲು ಯಾರದ್ದು» ಅಂತ ಕೇಳಿಕೊಳ್ಳಿ.

ಮೊದಲ ವಾಕ್ಯದ «ಎಲ್ಲರಿಗೂ ಅನುಕೂಲ» ಅನ್ನೋ ಮಾತು 41ರಲ್ಲಿ ಮಾತ್ರ ಇದೆ. ಅದು ಸಂದರ್ಶಕಿಯ ಪ್ರಶ್ನೆ, ಅದರಲ್ಲೂ «ಅಲ್ವಾ?» ಅಂತ ಉತ್ತರವನ್ನ ಕೈಗಿಟ್ಟು ಕೇಳಿದ ಪ್ರಶ್ನೆ. ಮಾ1 ಹೌದು ಅಂದರು, ಆಮೇಲೆ ತಾವಾಗಿ ಹೇಳಿದ್ದು ಬೋರ್‌ವೆಲ್ ನೀರಿನ ವಿಷಯ ಅಷ್ಟೇ. ಮಾ4 ಒಪ್ಪಿದ್ದು ಕೂಡ ನೀರು ಮೇಲೆ ಬಂದದ್ದನ್ನು. ಮಾ2, ಮಾ3 ಈ ಬಗ್ಗೆ ಬಾಯೇ ಬಿಟ್ಟಿಲ್ಲ. ಅಂದಮೇಲೆ «ಭಾಗವಹಿಸಿದವರು ಅಭಿಪ್ರಾಯಪಟ್ಟರು» ಅನ್ನೋದಕ್ಕೆ ಆಧಾರ ಇಲ್ಲ.

ಎರಡನೇ ವಾಕ್ಯಕ್ಕೆ ಹೇಳಿದವರೇ ಇಲ್ಲ. ಇದು ಕಣ್ತಪ್ಪುವ ಜಾಗ. ಮೊದಲ ವಾಕ್ಯದಲ್ಲಿ «ಎಂದು ಅಭಿಪ್ರಾಯಪಟ್ಟರು» ಇದೆ, ಮುಂದಿನದರಲ್ಲೂ ಅದೇ ನಡೀತಿದೆ ಅಂತ ಬರೆಯುವವರಿಗೆ ಅನಿಸುತ್ತೆ. ಓದುವವರಿಗೆ ಮಾತ್ರ ಅದು ವರದಿಯೇ ಕಂಡುಕೊಂಡ ಸಂಗತಿಯಾಗಿ ಕಾಣುತ್ತೆ. ಮಾ4 ಒಬ್ಬರ ಆಕ್ಷೇಪ ಅದು, ಮಾ1 ಮರುಕ್ಷಣವೇ «ಹಂಗಲ್ಲ» ಅಂದಿದ್ದಾರೆ. ಮೇಲಾಗಿ ಮಾ4 «ಮಾತ್ರ» ಅಂತಲೂ ಹೇಳಿಲ್ಲ.

ಕೊನೆಯದು ಎಲ್ಲಕ್ಕಿಂತ ಕೆಟ್ಟದ್ದು. ಮಾ3 ಹೇಳಿದ್ದರಲ್ಲಿ ಎರಡು ಭಾಗ ಇದೆ: ಯಾವ ಕೆರೆಗಾದರೂ ಅನ್ವಯಿಸುವ ಮಾತು ಒಂದು, ಈ ಕೆರೆ ಬಗ್ಗೆ ತಾನು ಹಾಗೆ ಹೇಳಲ್ಲ ಅನ್ನೋದು ಇನ್ನೊಂದು. ತೂಬಿನ ಮಟ್ಟಕ್ಕಿಂತ ಕೆಳಗಿರೋ ನೀರು ತೂಬಿನಿಂದ ಹೊರಗೆ ಬರಲ್ಲ ಅನ್ನೋದು ಎಂಜಿನಿಯರಿಂಗ್‌ನ ಸಾಮಾನ್ಯ ವಿಚಾರ. ಅದನ್ನ ಒಪ್ಪಿದ ಮಾತ್ರಕ್ಕೆ ಇಲ್ಲಿ ತಪ್ಪಾಗಿದೆ ಅಂತ ಒಪ್ಪಿದ ಹಾಗಲ್ಲ. ಸರ್ಕಾರಿ ನೌಕರನ ಬಾಯಲ್ಲಿ ಹೇಳದ ತಪ್ಪೊಪ್ಪಿಗೆ ಇಟ್ಟರೆ ಅವರಿಗೆ ನೋಟಿಸ್ ಬರಬಹುದು.

ಸಹಕಾರಿ_ಕಾರ್ಯದರ್ಶಿ

ನಮ್ಮ ಸಂಘದ ಸಭೆಗಳ ನಡಾವಳಿಯಲ್ಲಿ ಇಷ್ಟೆಲ್ಲ ತೊಂದರೆ ತಗೊಳ್ಳಲ್ಲ. «ದೀರ್ಘವಾಗಿ ಚರ್ಚಿಸಿ ಸರ್ವಾನುಮತದಿಂದ ತೀರ್ಮಾನಿಸಲಾಯಿತು» ಅಂತ ಬರೆದು ಸಹಿ ಹಾಕಿಸ್ತೀವಿ. ಯಾರು ಏನಂದರು ಅಂತ ಬರೆದರೆ ಆಮೇಲೆ ಜಗಳ. ನೀವೂ ಹಾಗೇ ಮಾಡಬಹುದಲ್ಲ?

ಅಕ್ಷರಸಾಕ್ಷಿ

ಸರ್, ನಡಾವಳಿಯ ಕೆಲಸ ಬೇರೆ. ಅಲ್ಲಿ ಸಭೆ ಒಂದು ತೀರ್ಮಾನಕ್ಕೆ ಬರುತ್ತೆ, ಆ ತೀರ್ಮಾನ ಇಡೀ ಸಭೆಯದ್ದು, ಅದನ್ನ ದಾಖಲಿಸಿದರೆ ಆಯ್ತು. ಸಂದರ್ಶನದಲ್ಲಿ ತೀರ್ಮಾನವೇ ಇರಲ್ಲ. ಯಾರು ಏನಂದರು ಅನ್ನೋದನ್ನ ತೆಗೆದುಬಿಟ್ಟರೆ ಉಳಿಯೋದು ಏನೂ ಇಲ್ಲ. ಈ ಕರಡಿನ ಎರಡನೇ ವಾಕ್ಯದಲ್ಲಿ ಆಗಿರೋದೂ ಅದೇ. ನಡಾವಳಿಯ ಭಾಷೆ ಒಳಗೆ ನುಸುಳಿದರಂತೂ ಇನ್ನೂ ಹೆಚ್ಚು: ಅಭಿಪ್ರಾಯಪಡಲಾಯಿತು, ಚರ್ಚಿಸಲಾಯಿತು, ತಿಳಿಸಲಾಯಿತು. «ಲಾಯಿತು» ಬಂದ ಕಡೆ ಎಲ್ಲ ಕರ್ತೃ ಮಾಯ. ಸಾರಾಂಶ ಮುಗಿದ ಮೇಲೆ ಫೈಲಿನಲ್ಲಿ «ಲಾಯಿತು», «ಲಾಗಿದೆ» ಅಂತ ಹುಡುಕಿ, ಸಿಕ್ಕ ಪ್ರತಿ ಕಡೆ ಯಾರು ಅಂತ ತುಂಬಿಸಿ.

ಸುದ್ದಿಮನೆ

ಎರಡು ವಿಷಯ ಸೇರಿಸ್ತೀನಿ.

ಒಂದು, «ರೈತರು ಹೇಳಿದರು». ಮರ್ಯಾದೆಗೆ ಹಾಕಿದ ಬಹುವಚನ ಇಲ್ಲಿ ಒಬ್ಬರ ಮಾತನ್ನ ಇಡೀ ಅಚ್ಚುಕಟ್ಟಿನ ಮಾತು ಮಾಡಿಬಿಡುತ್ತೆ. ಅಧ್ಯಕ್ಷರು, ಎಂಜಿನಿಯರ್ ಒಬ್ಬೊಬ್ಬರೇ ಇರೋದರಿಂದ ಗೊಂದಲ ಇಲ್ಲ. ರೈತರು, ಮಹಿಳೆಯರು, ಗ್ರಾಮಸ್ಥರು, ಅಧಿಕಾರಿಗಳು ಅನ್ನೋ ಪದಗಳಲ್ಲಿ ಮಾತ್ರ ಯಾವಾಗಲೂ ಅಪಾಯ. «ಸಂದರ್ಶನದಲ್ಲಿದ್ದ ರೈತ» ಅಂತ ಶುರು ಮಾಡಿ, ಮುಂದೆ «ಅವರು» ಅಂದರೆ ಮರ್ಯಾದೆಯೂ ಉಳಿಯುತ್ತೆ, ಸಂಖ್ಯೆಯೂ ಕೆಡಲ್ಲ.

ಇನ್ನೊಂದು, ಕ್ರಿಯಾಪದ. ಹೇಳಿದರು, ಎಂದರು, ಅವರ ಪ್ರಕಾರ, ಈ ಮೂರೇ ಸಾಕು. «ಸ್ಪಷ್ಟಪಡಿಸಿದರು» ಅಂದರೆ ಅವರು ಹೇಳಿದ್ದು ಸರಿ ಅಂತ ನೀವು ಒಪ್ಪಿದ ಹಾಗೆ. «ಒಪ್ಪಿಕೊಂಡರು» ಅಂದರೆ ಬಚ್ಚಿಟ್ಟಿದ್ದನ್ನ ಬಾಯಿಬಿಟ್ಟ ಹಾಗೆ. «ದೂರಿದರು» ಅಂದರೆ ಆಕೆ ಗೊಣಗುತ್ತಿದ್ದಾರೆ ಅನ್ನೋ ಬಣ್ಣ. ಪತ್ರಿಕೆಯಲ್ಲಿ ಒಂದೇ ಪದ ನಾಲ್ಕು ಸಲ ಬಂದರೆ ಚೆನ್ನಾಗಿ ಕಾಣಲ್ಲ ಅಂತ ಬದಲಾಯಿಸ್ತಾ ಹೋಗುವ ಅಭ್ಯಾಸ ಇದೆ. ಸಂದರ್ಶನದ ಸಾರಾಂಶದಲ್ಲಿ ಆ ಅಂದ ಬೇಡ.

ಜೊತೆಗೆ, ಹೆಸರನ್ನ ವಾಕ್ಯದ ಮೊದಲಿಗೆ ತನ್ನಿ. ನಮ್ಮ ವಾಕ್ಯದಲ್ಲಿ «ಎಂದು ಇಂಥವರು ಹೇಳಿದರು» ಅನ್ನೋದು ಕೊನೆಗೆ ಬರುತ್ತೆ. ಉದ್ದ ವಾಕ್ಯವಾದರೆ ಓದುಗ ಅಲ್ಲಿಗೆ ತಲುಪುವ ಹೊತ್ತಿಗೆ ಅದನ್ನ ನಿಜ ಅಂತ ತಗೊಂಡಾಗಿರುತ್ತೆ.

ಕೆರೆಅಂಗಳ

ಧನ್ಯವಾದ, ಬಹಳ ಸ್ಪಷ್ಟವಾಯ್ತು. 44ನೇ ಸಾಲು ಮಾತ್ರ ಅರ್ಥ ಆಗಲಿಲ್ಲ. «ಎಂಜಿನಿಯರ್ ಸಾಹೇಬ್ರ ಮುಂದೇನೇ ಮಾತಾಯ್ತು, ಲೋಡಿಗೆ ದುಡ್ಡು ಕೊಡಲ್ಲ ಅಂದ್ರು». ಹತ್ತಿರದ ಹೆಸರು ಎಂಜಿನಿಯರದ್ದೇ ಇದೆ, ಮುಂದಿನ ಸಾಲಲ್ಲಿ ಅವರೇ ಸಾಗಣೆ ಇರಲಿಲ್ಲ ಅಂತಾರೆ. ಹಾಗಾದರೆ ಕೊಡಲ್ಲ ಅಂದವರು ಅವರೇ ಅಲ್ವಾ?

ಅಕ್ಷರಸಾಕ್ಷಿ

ಹಾಗಂತ ಹೇಳೋಕಾಗಲ್ಲ. ಇದೇ ಈ ಟ್ರಾನ್ಸ್‌ಕ್ರಿಪ್ಟ್‌ನ ಅತಿ ಕಷ್ಟದ ಸಾಲು, ಸ್ವಲ್ಪ ನಿಧಾನವಾಗಿ ನೋಡೋಣ.

ಕೊಡ್ತೀನಿ, ಕೊಡ್ತಾರೆ, ಕೊಡ್ತೀವಿ ಅಂದಾಗ ಕ್ರಿಯಾಪದವೇ ಯಾರು ಅಂತ ಹೇಳಿಬಿಡುತ್ತೆ. «ಕೊಡಲ್ಲ» ಹೇಳಲ್ಲ. ನಾನು ಕೊಡಲ್ಲ, ನಾವು ಕೊಡಲ್ಲ, ಅವರು ಕೊಡಲ್ಲ, ಎಲ್ಲದಕ್ಕೂ ಒಂದೇ ರೂಪ. ಬೇಕು, ಬೇಡ, ಗೊತ್ತಿಲ್ಲ ಕೂಡ ಹಾಗೇ. ಆಡುಮಾತಿನಲ್ಲಿ ಕರ್ತೃವನ್ನ ಬಿಟ್ಟೇ ಮಾತಾಡ್ತೀವಿ. ಎರಡೂ ಒಂದೇ ವಾಕ್ಯದಲ್ಲಿ ಸೇರಿದರೆ ಓದುವವರು ಹತ್ತಿರ ಸಿಕ್ಕ ಹೆಸರನ್ನ ತಂದು ಅಂಟಿಸ್ತಾರೆ. ಮೇಲಿಂದ «ಅಂದ್ರು» ಅನ್ನೋದು ಒಬ್ಬ ಗೌರವಾನ್ವಿತರಿಗೂ ಆಗುತ್ತೆ, ಹತ್ತು ಜನರಿಗೂ ಆಗುತ್ತೆ.

ಇಲ್ಲಿ ಎರಡು ಅರ್ಥ ಸಾಧ್ಯ. ಇಲಾಖೆ ದುಡ್ಡು ಕೊಡಲ್ಲ ಅಂತ ಎಂಜಿನಿಯರ್ ಅಂದಿರಬಹುದು. ಇಲ್ಲವೇ ಎಂಜಿನಿಯರ್ ಎದುರಲ್ಲೇ ರೈತರು «ನಾವು ಲೋಡಿಗೆ ದುಡ್ಡು ಕೊಡಲ್ಲ» ಅಂದಿರಬಹುದು. «ಮುಂದೇನೇ» ಅನ್ನೋ ಪದ ಎರಡನೆಯದರ ಕಡೆ ವಾಲುತ್ತೆ, ಯಾಕಂದರೆ ಸಾಕ್ಷಿಗೆ ಕರೆದವರ ಬಗ್ಗೆ ಹಾಗೆ ಮಾತಾಡೋದು. ಆದರೂ ವಾಲಿದ್ದು ಅಂದರೆ ಖಾತ್ರಿ ಅಲ್ಲ.

ಮೊದಲು ಆಡಿಯೊ ಕೇಳಿ, ಆ ಸಾಲಿಗೆ ಅರ್ಧ ನಿಮಿಷ ಹಿಂದಿನಿಂದ. ಆಮೇಲೆ ಮಾ1 ಅವರ ಮುಂದಿನ ಮಾತುಗಳಲ್ಲಿ ಲೋಡು, ದುಡ್ಡು, ಟ್ರ್ಯಾಕ್ಟರ್ ಅನ್ನೋ ಪದ ಹುಡುಕಿ. ಜನ ತಮ್ಮ ವಾದವನ್ನ ಒಂದೇ ಸಲ ಹೇಳಿ ಬಿಡಲ್ಲ, ಹತ್ತಿಪ್ಪತ್ತು ಸಾಲು ಬಿಟ್ಟು ಮತ್ತೆ ಎತ್ತುತ್ತಾರೆ. ಎಲ್ಲೂ ಸಿಗದಿದ್ದರೆ «ದುಡ್ಡು ಕೊಡಲು ನಿರಾಕರಿಸಿದ್ದು ಯಾರು ಎಂಬುದು ಅಧ್ಯಕ್ಷರ ಮಾತಿನಲ್ಲಿ ಸ್ಪಷ್ಟವಿಲ್ಲ» ಅಂತಲೇ ಬರೆಯಿರಿ.

ಕೆರೆಅಂಗಳ

ಹುಡುಕಿದೆ, ಸಿಕ್ಕಿತು:

```
67 ಮಾ1  ರೈತ್ರು ಅವತ್ತು ಲೋಡಿಗೆ ಇಷ್ಟು ಅಂತ ಕೊಟ್ಟಿದ್ರೆ ಎಲ್ಲರ ಹೊಲಕ್ಕೂ ಹೋಗ್ತಿತ್ತು.
```

ಅಂದರೆ ಕೊಡಲ್ಲ ಅಂದದ್ದು ರೈತರು.

ಅಕ್ಷರಸಾಕ್ಷಿ

ಹೌದು, ಈಗ ಧೈರ್ಯವಾಗಿ ಬರೆಯಬಹುದು. ಆದರೆ ಅದು «ಅಧ್ಯಕ್ಷರ ಪ್ರಕಾರ ರೈತರು ಕೊಡಲಿಲ್ಲ» ಅಂತಲೇ ಇರಲಿ. ಅಲ್ಲೇ ಕೂತಿದ್ದ ರೈತ ಅದನ್ನ ಒಪ್ಪಿದ್ದಾರೋ ಇಲ್ಲವೋ 68, 69ರಲ್ಲಿ ನೋಡಿ. ಎಂಜಿನಿಯರ್ 45ರಲ್ಲಿ ಹೇಳಿದ್ದು ಅಂದಾಜುಪಟ್ಟಿಯ ವಿಷಯ, ಅದನ್ನ ನಿರಾಕರಣೆ ಅಂತ ಓದಬೇಡಿ.

ಧಾರವಾಡ_ಪೇಟೆ

ನಮ್ಮ ಕಡೆ «ಹೌದ್ರಿ, ಹೌದ್ರಿ» ಅಂದ್ರ ಕೇಳಾಕತ್ತೇನಿ, ಮುಂದ ಹೇಳ್ರಿ ಅಂತ ಅರ್ಥ. ಒಪ್ಪಿಗಿ ಅಲ್ಲ. ಟ್ರಾನ್ಸ್‌ಕ್ರಿಪ್ಟ್‌ನ್ಯಾಗ ಅದು «ಹೌದು» ಅಂತ ಬಿದ್ದಿರತೈತಿ, ಸಾರಾಂಶ ಬರಿಯೋರು «ಒಪ್ಪಿದರು» ಅಂತ ಹಾಕಿಬಿಡ್ತಾರ. ಹೌದು ಅಂದಮ್ಯಾಲ ಆ ಮನಷ್ಯಾ ತಾನಾಗೇ ಏನರ ಸೇರಿಸಿದ್ರ ಒಪ್ಪಿಗಿ, ಬರೇ ಹೌದು ಅಂದು ಬಿಟ್ರ ಬಿಡ್ರಿ ಅದನ್ನ.

ಆದ್ರ 48 ಬ್ಯಾರೆ ಐತಿ. «ಹೂಂ ಮತ್ತೆ» ಅಂದ್ರ ಬರೇ ಹೂಂ ಅಲ್ಲ, ಇನ್ನೇನ್ ಮತ್ತ ಅಂತ ಗಟ್ಟಿಯಾಗಿ ಹೇಳಿದಂಗ. ಅನ್ಯಾಯ ಅಂತ ಆಕಿ ಒಪ್ಪ್ಯಾಳ. ಹಂಗ ಬರದ್ರ ಏನ್ ತಪ್ಪು?

ಅಕ್ಷರಸಾಕ್ಷಿ

ಒಪ್ಪಿರೋದು ನಿಜ. ನನ್ನ ತಕರಾರು ಪದದ ಬಗ್ಗೆ. «ಅನ್ಯಾಯ» ಅನ್ನೋದು ಸಂದರ್ಶಕಿ ತಂದ ಪದ. ಮಾ2 ತಮ್ಮ ಬಾಯಿಂದ ಹೇಳಿದ್ದು ಎರಡು: ನಮ್ಮನ್ನ ಯಾರೂ ಕೇಳಲಿಲ್ಲ, ಮೆಟ್ಟಿಲು ಮುಚ್ಚಿಹೋಯ್ತು. ಆ ಎರಡನ್ನ ಬಿಟ್ಟು ಅನ್ಯಾಯ ಅನ್ನೋ ದೊಡ್ಡ ಪದ ಇಟ್ಟರೆ ಆಕೆ ಕೊಟ್ಟ ಗಟ್ಟಿ ವಿವರ ಹೋಗಿ ಸಂದರ್ಶಕಿಯ ತೀರ್ಪು ಉಳಿಯುತ್ತೆ. «ಅನ್ಯಾಯವೇ ಎಂದು ಕೇಳಿದಾಗ ಹೌದೆಂದರು» ಅಂತ ಬರೆದರೆ ನನ್ನ ಆಕ್ಷೇಪ ಇಲ್ಲ.

ಧಾರವಾಡ_ಪೇಟೆ

ಪ್ರಶ್ನೆ ಕೇಳದ ಯಾರು ಬಾಯಿ ಬಿಡ್ತಾರ್ರಿ? ಹಂಗ ಹಿಡದ್ರ ಸಂದರ್ಶನದಾಗಿನ ಅರ್ಧ ಮಾತಿಗೆ «ಕೇಳಿದಾಗ» ಅಂತ ಬಾಲ ಹಚ್ಚಬೇಕಾಗತೈತಿ. ಹೆಣ್ಮಗಳು ಅಷ್ಟು ಜನ ಗಂಡಸರ ನಡುವ ಕುಂತು ಗಟ್ಟಿಯಾಗಿ ಹೂಂ ಅಂದಿದ್ದನ್ನ ತೆಳ್ಳಗ ಮಾಡಬಾರ್ದು ಅಂತ ನನ್ನ ಅನಿಸಿಕಿ.

ಸುದ್ದಿಮನೆ

ನಾನು ಇದರಲ್ಲಿ ಧಾರವಾಡದವರ ಕಡೆ. ಆದರೆ 46ನ್ನ ಯಾರೂ ಗಮನಿಸಿಲ್ಲ. «ಹೆಂಗಸರೇ ಬ್ಯಾಡ ಅಂದ್ರು ಅಂತ ಹೇಳ್ತಾರೆ» ಅನ್ನೋದು ಆಕೆಯ ಅಭಿಪ್ರಾಯ ಅಲ್ಲ, ಬೇರೆಯವರ ಮಾತನ್ನ ಎತ್ತಿ ಆಡಿ ಅದನ್ನ ತಳ್ಳಿಹಾಕ್ತಿದ್ದಾರೆ. ಅವಸರದಲ್ಲಿ ಓದಿದವರು «ಮಹಿಳೆಯರು ಬೇಡ ಎಂದಿದ್ದಾಗಿ ಸದಸ್ಯೆ ತಿಳಿಸಿದರು» ಅಂತ ಪೂರ್ತಿ ಉಲ್ಟಾ ಬರೆದುಬಿಡ್ತಾರೆ.

ಅಕ್ಷರಸಾಕ್ಷಿ

ಸರಿಯಾಗಿ ಹಿಡಿದಿರಿ. ಇದಕ್ಕಾಗಿಯೇ ಮೂರು ಕಾಲಂ ಪಕ್ಕ ಇನ್ನೊಂದು ಕಾಲಂ ಇಡಬೇಕು: «ಯಾರ ನಿಲುವು». ಮಾತಾಡಿದವರು ಒಬ್ಬರು, ನಿಲುವು ಇನ್ನೊಬ್ಬರದ್ದು ಆಗಿರಬಹುದು. 46ರ ಮೊದಲ ಅರ್ಧಕ್ಕೆ ಮಾತು ಮಾ2, ನಿಲುವು «ಹೆಸರಿಸದ ಇತರರು, ಮಾ2 ಒಪ್ಪಿಲ್ಲ». 49ಕ್ಕೆ ಮಾತು ಮಾ4, ನಿಲುವು «ಊರಿನ ಮಾತು, ಮಾ4 ಸ್ವತಃ ನೋಡಿಲ್ಲ». 51ನ್ನ ಕಡೆಗಣಿಸಿ 49ನ್ನ ಮಾತ್ರ ತಗೊಂಡರೆ ಗಾಳಿಮಾತು ರೈತನ ಸಾಕ್ಷ್ಯ ಆಗಿಬಿಡುತ್ತೆ. ಅಂತೆ, ಅಂತಾರೆ, ಅಂದ್ರು, ಹೇಳ್ತಾರೆ ಇರೋ ಪ್ರತಿ ಸಾಲಿಗೂ ಈ ಕಾಲಂ ತುಂಬಿಸಿ, ಉಳಿದ ಸಾಲಿಗೆ ಖಾಲಿ ಬಿಟ್ಟರೂ ನಡೆಯುತ್ತೆ.

«ನಾವು» ಇರೋ ಸಾಲುಗಳಿಗೂ ಇದೇ ಕಾಲಂ ಉಪಯೋಗ. 42ರ «ನಾವೇ ನಿಂತು» ಅನ್ನೋದರಲ್ಲಿ ನಾವು ಅಂದರೆ ಸಂಘದ ಸಮಿತಿಯೋ, ಇಡೀ ಊರೋ? 45ರ «ನಮ್ಮ» ಇಲಾಖೆ, 46ರ «ನಮ್ಮನ್ನ» ಹೆಂಗಸರು. ಈ ಎರಡು ಸ್ಪಷ್ಟ, ಮೊದಲನೆಯದು ಅಲ್ಲ.

ಟ್ಯಾಬ್‌ಕೀಲಿ

ನಾಲ್ಕನೇ ಕಾಲಂ ಒಳ್ಳೇದು, ಒಪ್ಪಿದೆ. ಆದರೂ ಸಾರಾಂಶವನ್ನ ಒಬ್ಬೊಬ್ಬರ ಪ್ಯಾರಾ ಆಗಿ ಬರೆಯೋದೇ ವಾಸಿ ಅಲ್ವಾ? ಅಧ್ಯಕ್ಷರದ್ದು ಒಂದು, ರೈತನದ್ದು ಒಂದು.

ಅಕ್ಷರಸಾಕ್ಷಿ

ಟಿಪ್ಪಣಿ ಹಂತಕ್ಕೆ ವಾಸಿ, ಕೊನೆಯ ಸಾರಾಂಶಕ್ಕೆ ಅಲ್ಲ. ಒಬ್ಬೊಬ್ಬರ ಪ್ಯಾರಾದಲ್ಲಿ ಯಾರು ಯಾರಿಗೆ ಉತ್ತರ ಕೊಟ್ಟರು ಅನ್ನೋದು ಕಳಚಿಹೋಗುತ್ತೆ. ಬ್ರಿಟನ್ನಿನಲ್ಲಿ 1980ರ ದಶಕದ ಕೊನೆಗೆ ಸಾಮಾಜಿಕ ಸಂಶೋಧಕರು ರೂಢಿಸಿದ ಫ್ರೇಮ್‌ವರ್ಕ್ ವಿಧಾನದ ಪಟ್ಟಿ ಇಲ್ಲಿ ಉಪಯೋಗ. ಅಡ್ಡ ಸಾಲಿಗೆ ಒಬ್ಬೊಬ್ಬ ವ್ಯಕ್ತಿ, ಕಂಬಕ್ಕೆ ಒಂದೊಂದು ವಿಷಯ. ಇಲ್ಲಿ ವಿಷಯ ನಾಲ್ಕೇ: ನೀರು, ಮಣ್ಣು ಹಂಚಿಕೆ, ಮೆಟ್ಟಿಲು, ತೂಬು. ಮನೆಯೊಳಗೆ ಒಂದು ಸಣ್ಣ ಸಾರ ಮತ್ತು ಸಾಲು ಸಂಖ್ಯೆ. ಮಾತಾಡದೇ ಇದ್ದರೆ ಆ ಮನೆ ಖಾಲಿ. ಖಾಲಿ ಮನೆಗಳೇ «ಎಲ್ಲರೂ» ಅಂತ ಬರೆಯದಂತೆ ತಡೆಯೋದು. ಪಟ್ಟಿಯನ್ನ ಅಡ್ಡಡ್ಡ ಓದಿದರೆ ಒಬ್ಬರ ನಿಲುವು, ಮೇಲಿಂದ ಕೆಳಗೆ ಓದಿದರೆ ಒಂದು ವಿಷಯದ ಬಗ್ಗೆ ಇರೋ ಜಗಳ.

ಕೆರೆಅಂಗಳ

ಪಟ್ಟಿ ಮಾಡಿ ಮತ್ತೆ ಬರೆದೆ. 68, 69ರಲ್ಲಿ ರೈತ ಮಾತಾಡಿಲ್ಲ, ವಿಷಯ ಬದಲಾಗಿದೆ.

«ಅಧ್ಯಕ್ಷರು ಮತ್ತು ಸಂದರ್ಶನದಲ್ಲಿದ್ದ ರೈತ ಇಬ್ಬರೂ ಬೋರ್‌ವೆಲ್‌ಗಳಲ್ಲಿ ನೀರು ಮೇಲೆ ಬಂದಿದೆ ಎಂದರು (42, 43). ರೈತನ ಪ್ರಕಾರ ಮಣ್ಣು ಸಿಕ್ಕಿದ್ದು ಟ್ರ್ಯಾಕ್ಟರ್ ಇದ್ದವರಿಗೆ (43). ಅಧ್ಯಕ್ಷರು ಇದನ್ನು ಒಪ್ಪಲಿಲ್ಲ. ಅವರ ಪ್ರಕಾರ ರೈತರು ಲೋಡಿಗೆ ಹಣ ಕೊಟ್ಟಿದ್ದರೆ ಮಣ್ಣು ಎಲ್ಲರ ಹೊಲಕ್ಕೂ ಹೋಗುತ್ತಿತ್ತು (44, 67). ಈ ಮಾತಿಗೆ ರೈತ ಪ್ರತಿಕ್ರಿಯಿಸಲಿಲ್ಲ. ಎಂಜಿನಿಯರ್, ಅಂದಾಜುಪಟ್ಟಿಯಲ್ಲಿ ಸಾಗಣೆ ಸೇರಿರಲಿಲ್ಲ ಎಂದರು (45). ಸ್ತ್ರೀಶಕ್ತಿ ಸಂಘದ ಸದಸ್ಯೆ, ಹೆಂಗಸರೇ ಬೇಡವೆಂದರು ಎಂಬ ಮಾತನ್ನು ತಳ್ಳಿಹಾಕಿದರು. ತಮ್ಮನ್ನು ಯಾರೂ ಕೇಳಲಿಲ್ಲ, ಬಟ್ಟೆ ಒಗೆಯುವ ಮೆಟ್ಟಿಲು ಮುಚ್ಚಿಹೋಯಿತು ಎಂದರು (46, 48). ಅನ್ಯಾಯವೇ ಎಂದು ಕೇಳಿದಾಗ ಹೌದೆಂದರು (47, 48). ತೂಬಿನ ಬಳಿ ಹೆಚ್ಚು ಆಳವಾಗಿ ಕೊನೆ ಭಾಗಕ್ಕೆ ನೀರು ತಲುಪುತ್ತಿಲ್ಲ ಎಂಬ ಮಾತು ಊರಲ್ಲಿದೆ, ತಾವು ನೋಡಿಲ್ಲ ಎಂದು ರೈತ ಹೇಳಿದರು (49, 51). ತೂಬಿಗಿಂತ ಕೆಳಗಿನ ನೀರು ಹೊಲಕ್ಕೆ ಹರಿಯುವುದಿಲ್ಲ, ಆದರೆ ಇಲ್ಲಿ ಹಾಗಾಗಿದೆ ಎಂದು ತಾವು ಹೇಳುವುದಿಲ್ಲ ಎಂದು ಎಂಜಿನಿಯರ್ ಹೇಳಿದರು (52).»

ಸುದ್ದಿಮನೆ

ಚೆನ್ನಾಗಿದೆ. ಒಂದೇ ಅನುಮಾನ: «ಈ ಮಾತಿಗೆ ರೈತ ಪ್ರತಿಕ್ರಿಯಿಸಲಿಲ್ಲ» ಬೇಕಾ? ಸುಮ್ಮನಿದ್ದರು ಅಂದರೆ ಸೋತರು ಅಂತ ಓದಿಕೊಳ್ಳುವವರಿದ್ದಾರೆ. ಸಂದರ್ಶಕಿ ವಿಷಯ ಬದಲಾಯಿಸಿದ್ದರಿಂದ ಅವರಿಗೆ ಅವಕಾಶವೇ ಸಿಗದೆ ಇರಬಹುದು.

ಕೆರೆಅಂಗಳ

68 ಸಂದರ್ಶಕಿಯದ್ದೇ, ಮೀನು ಸಾಕಣೆ ಬಗ್ಗೆ ಕೇಳ್ತಾರೆ. ಹಾಗಾದರೆ ಆ ವಾಕ್ಯ ತೆಗೀತೀನಿ. ಇನ್ನೊಂದು ತಾಪತ್ರಯ. 88 ಮತ್ತು 89 ಎರಡೂ ಸಾಲಿಗೆ ಮಾ1 ಅಂತಲೇ ಇದೆ. 89ರಲ್ಲಿ «ಅಧ್ಯಕ್ಷರೇ, ಬಿಲ್ಲು ತೋರಿಸಿ» ಅಂತ ಇದೆ.

ಅಕ್ಷರಸಾಕ್ಷಿ

ಅಧ್ಯಕ್ಷರು ತಮ್ಮನ್ನೇ ಅಧ್ಯಕ್ಷರೇ ಅಂತ ಕರೆಯಲ್ಲ, ಅಲ್ಲಿ ಹೆಸರು ತಪ್ಪಿದೆ. ಒಂದೇ ಗುರುತು ಬೆನ್ನು ಬೆನ್ನಿಗೆ ಎರಡು ಸಾಲಿಗೆ ಬಿದ್ದಿದ್ದರೆ ಯಾವಾಗಲೂ ಅನುಮಾನ ಪಡಬೇಕು, ಮಧ್ಯೆ ಇನ್ನೊಬ್ಬರು ಬಾಯಿ ಹಾಕಿದ್ದನ್ನ ಟೈಪ್ ಮಾಡಿದವರು ಗಮನಿಸಿರಲ್ಲ. ಇಬ್ಬರು ಗಂಡಸರ ಧ್ವನಿ ಹತ್ತಿರ ಇದ್ದರಂತೂ ಹೆಚ್ಚು. ರೆಕಾರ್ಡಿಂಗ್ ಶುರುವಿನಲ್ಲಿ ಪ್ರತಿಯೊಬ್ಬರೂ ತಮ್ಮ ಪರಿಚಯ ಹೇಳಿಕೊಂಡಿದ್ದರೆ ಆ ತುಣುಕು ಹಾಕಿ, ಕೂಡಲೇ 89 ಹಾಕಿ, ಹೋಲಿಸಿ ಕೇಳಿ. ಮಾ4 ಇರಬೇಕು ಅಂತ ಅನಿಸಿದರೂ ಖಾತ್ರಿ ಆಗೋವರೆಗೆ «ಮಾ?» ಅಂತ ಇಟ್ಟಿರಿ. ಬಿಲ್ಲು ಕೇಳಿದ ಮಾತು ತಪ್ಪು ಹೆಸರಿಗೆ ಬಿದ್ದರೆ ಆ ಊರಲ್ಲಿ ಒಬ್ಬರ ಮೇಲೆ ಇನ್ನೊಬ್ಬರಿಗೆ ಹಗೆ ಹುಟ್ಟುತ್ತೆ.

ಕೆರೆಅಂಗಳ

ಪರಿಚಯದ ತುಣುಕು ಇದೆ, ಕೇಳಿ ನೋಡ್ತೀನಿ. ಹೆಸರು ಹಾಕದೆ ಹುದ್ದೆ ಹಾಕಿದರೂ ಊರಿನವರಿಗೆ ಯಾರು ಅಂತ ಗೊತ್ತಾಗುತ್ತಲ್ಲ, ಅಧ್ಯಕ್ಷರು ಒಬ್ಬರೇ ಇರೋದು. ಅದಕ್ಕೇನು ಮಾಡೋದು?

ಸುದ್ದಿಮನೆ

ಅದಕ್ಕೆ ಪೂರ್ತಿ ಪರಿಹಾರ ಇಲ್ಲ. ಹುದ್ದೆ ತೆಗೆದರೆ ಮಾತಿನ ತೂಕ ಹೋಗುತ್ತೆ, ಇಟ್ಟರೆ ಗುರುತು ಸಿಗುತ್ತೆ. ಅಧ್ಯಕ್ಷರು, ಎಂಜಿನಿಯರ್ ತಮ್ಮ ಹುದ್ದೆಯಿಂದ ಮಾತಾಡಿದ್ದಾರೆ, ಅವರದ್ದು ಇಡಿ. ಮಾ2 ಮತ್ತು ಮಾ4 ಅವರನ್ನ ಹೋಗಿ ಕೇಳಿ, ಅವರ ಸಾಲುಗಳನ್ನ ಓದಿ ಹೇಳಿ, ಯಾವುದು ವರದಿಯಲ್ಲಿ ಇರಬಹುದು ಅಂತ ಅವರೇ ಹೇಳಲಿ. 89 ಯಾರದ್ದು ಅನ್ನೋದೂ ಅಲ್ಲೇ ಗೊತ್ತಾಗಬಹುದು.